ಎಣ್ಣೆಯಲ್ಲಿ ನೀರಿದೆಯೇ? ಲೈನ್‌ಮನ್‌ಗೆ ಕನ್ನಡದಲ್ಲಿ ಹೇಳುವುದು ಹೇಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಆಸುಪಾಸಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅಲ್ಲಲ್ಲಿ ಜಲ್ಲಿ ಹಾಸಿ ಬೇಲಿ ಹಾಕಿದ ಅಂಗಳಗಳು ಕಾಣುತ್ತವೆ. ಕಾಗದದಲ್ಲಿ ಅವಕ್ಕೆ ವಿದ್ಯುತ್ ಉಪಕೇಂದ್ರ ಎಂಬ ಹೆಸರು, ಕೆಲಸ ಮಾಡುವವರ ಬಾಯಲ್ಲಿ ಬರೀ ‘ಸ್ಟೇಷನ್’. 66 ಕೆ.ವಿ. ಲೈನ್ ಒಳಗೆ ಬರುತ್ತದೆ, ಪವರ್ ಟ್ರಾನ್ಸ್‌ಫಾರ್ಮರ್ ಅದನ್ನು 11 ಕೆ.ವಿ.ಗೆ ಇಳಿಸುತ್ತದೆ, ಅಲ್ಲಿಂದ ಫೀಡರ್‌ಗಳು ಮಗ್ಗದ ಬೀದಿಗೆ, ಕೈಗಾರಿಕಾ ಪ್ರದೇಶಕ್ಕೆ, ದ್ರಾಕ್ಷಿ ತೋಟದ ಐ.ಪಿ. ಸೆಟ್ಟಿಗೆ ಹೊರಡುತ್ತವೆ. ಆ ಟ್ರಾನ್ಸ್‌ಫಾರ್ಮರ್‌ನ ಹೊಟ್ಟೆಯೊಳಗೆ ಸಾವಿರಾರು ಲೀಟರ್ ಎಣ್ಣೆ ಇರುತ್ತದೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಯಾರೋ ಒಬ್ಬರು ಕೆಳಗಿನ ವಾಲ್ವ್ ತಿರುಗಿಸಿ ಬಾಟಲಿ ತುಂಬಬೇಕು.

ಆ ಬಾಟಲಿ ತುಂಬುವವರು ಇಂಗ್ಲಿಷ್ ಕೈಪಿಡಿ ಬರೆದವರಲ್ಲ. 2024ರಲ್ಲಿ ಕೆಪಿಟಿಸಿಎಲ್ ಹೊರಡಿಸಿದ ನೇಮಕಾತಿ ಅಧಿಸೂಚನೆಯಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಕೇಳಿದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ, ಜೊತೆಗೆ ಕಂಬ ಹತ್ತಿ ತೋರಿಸುವ ಪರೀಕ್ಷೆ. ಹುದ್ದೆಯ ಹೆಸರು ಪವರ್‌ಮ್ಯಾನ್ ಎಂದು ಬದಲಾದರೂ ಊರಿನವರಿಗೆ ಅವರು ಇಂದಿಗೂ ಲೈನ್‌ಮನ್. ಇವರು ಕೆಲಸದಲ್ಲಿ ನುರಿತವರು, ಕನ್ನಡ ಸಲೀಸಾಗಿ ಓದುವವರು. ಆದರೆ ಎಣ್ಣೆ ಪರೀಕ್ಷೆಯ ನಿಯಮಗಳು ಇರುವುದು ಭಾರತೀಯ ಮಾನಕ ಸಂಸ್ಥೆಯ ಇಂಗ್ಲಿಷ್ ಪುಸ್ತಕಗಳಲ್ಲಿ. ಬಳಕೆಯಲ್ಲಿರುವ ಎಣ್ಣೆಯ ನಿಗಾ ಹೇಗಿರಬೇಕು ಎಂಬುದಕ್ಕೆ ಐಎಸ್ 1866, ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂದು ಅಳೆಯುವುದಕ್ಕೆ ಐಎಸ್ 6792. ಇವೆರಡರ ಸಾರವನ್ನು ಲೈನ್‌ಮನ್ ಕೈಗೆ ಕನ್ನಡದಲ್ಲಿ ಕೊಡಬೇಕಾದರೆ ಮಾಡಬೇಕಾದ ಕೆಲಸ ಏನು ಎಂಬುದೇ ಈ ಲೇಖನದ ವಿಷಯ. ಪದಕ್ಕೆ ಪದ ಹುಡುಕುವುದು ಅದರಲ್ಲಿ ತೀರಾ ಸಣ್ಣ ಪಾಲು. ಬ್ರೀದರ್, ವಾಲ್ವ್, ರೇಡಿಯೇಟರ್, ಬುಷಿಂಗ್ ಎಂಬ ಪದಗಳು ಸ್ಟೇಷನ್‌ನಲ್ಲಿ ಆಗಲೇ ಕನ್ನಡವಾಗಿವೆ. ಅವನ್ನು ಸಂಸ್ಕೃತಕ್ಕೆ ಎಳೆದು ಹೊಸ ಪದ ಕಟ್ಟಿದರೆ ಓದುವವನಿಗೆ ಎರಡು ಅನುವಾದದ ಹೊರೆ ಬೀಳುತ್ತದೆ. ಕಷ್ಟವಿರುವುದು ಕ್ರಮದಲ್ಲಿ, ಕಾರಣದಲ್ಲಿ, ಅಂಕಿಯ ಅರ್ಥದಲ್ಲಿ.

ಮೊದಲು ಕಾರಣ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಎರಡು ಕೆಲಸ. ವೈಂಡಿಂಗ್‌ನ ಬಿಸಿಯನ್ನು ರೇಡಿಯೇಟರ್‌ಗೆ ಸಾಗಿಸುವುದು ಒಂದು, ಕರೆಂಟ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರದಂತೆ ತಡೆಯುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಕೆಡಿಸುವುದರಲ್ಲಿ ನೀರು ಎಲ್ಲಕ್ಕಿಂತ ಮುಂದೆ. ಎಷ್ಟು ನೀರು? 66 ಕೆ.ವಿ. ಸ್ಟೇಷನ್‌ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ಕೆ.ಜಿ. ಎಣ್ಣೆಗೆ 30 ಮಿಲಿಗ್ರಾಂ ದಾಟಿದರೆ ಗಮನ ಕೊಡಿ, 40 ದಾಟಿದರೆ ಕಳಪೆ ಎಂದು ಐಎಸ್ 1866 ಹೇಳುತ್ತದೆ. ಹತ್ತು ಸಾವಿರ ಲೀಟರ್ ಎಣ್ಣೆ ಹಿಡಿಯುವ ಟ್ಯಾಂಕಿನಲ್ಲಿ 30 ಮಿಲಿಗ್ರಾಂ ಲೆಕ್ಕ ಎಂದರೆ ಒಟ್ಟು ಸುಮಾರು ಕಾಲು ಲೀಟರ್, ಒಂದು ದೊಡ್ಡ ಲೋಟ ನೀರು. ಮುಚ್ಚಿದ ಟ್ಯಾಂಕಿನೊಳಗೆ ಅಷ್ಟು ನೀರು ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ತಪಾಸಣೆಯ ಅರ್ಧ ಪುಟ ತಾನಾಗಿಯೇ ಅರ್ಥವಾಗುತ್ತದೆ.

ಎಣ್ಣೆ ಬಿಸಿಯಾದಾಗ ಹಿಗ್ಗುತ್ತದೆ. ಹತ್ತು ಸಾವಿರ ಲೀಟರ್ ಎಣ್ಣೆಯ ತಾಪ ಮೂವತ್ತು ಡಿಗ್ರಿ ಏರಿದರೆ ಇನ್ನೂರು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕಾಗಿ ಮೇಲೆ ಕನ್ಸರ್ವೇಟರ್ ಎಂಬ ಚಿಕ್ಕ ಟ್ಯಾಂಕ್ ಇರುತ್ತದೆ. ಎಣ್ಣೆ ಅಲ್ಲಿಗೆ ಏರಿದಾಗ ಅಷ್ಟೇ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಲೋಡ್ ಇಳಿದು ಎಣ್ಣೆ ತಣಿದಾಗ ಅಷ್ಟೇ ಗಾಳಿ ಒಳಗೆ ಬರುತ್ತದೆ. ಮಳೆಗಾಲದ ರಾತ್ರಿಯಲ್ಲಿ ಒಳಗೆ ಬರುವುದು ತೇವದ ಗಾಳಿ. ಅದರ ತೇವ ಹೀರಲು ದಾರಿಯಲ್ಲಿ ಬ್ರೀದರ್ ಇದೆ, ಬ್ರೀದರ್‌ನೊಳಗೆ ಸಿಲಿಕಾ ಜೆಲ್ ಇದೆ, ತಳದಲ್ಲಿ ಎಣ್ಣೆಯ ಬಟ್ಟಲಿದೆ. ಗಾಳಿ ಮೊದಲು ಆ ಬಟ್ಟಲಿನ ಎಣ್ಣೆಯಲ್ಲಿ ಧೂಳು ಬಿಟ್ಟು, ಆಮೇಲೆ ಜೆಲ್‌ನಲ್ಲಿ ತೇವ ಬಿಟ್ಟು ಮೇಲೆ ಹೋಗಬೇಕು.

ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೇ ಸಾಲು: ಸಿಲಿಕಾ ಜೆಲ್ ಬಣ್ಣ ಪರಿಶೀಲಿಸಿ. ಕನ್ನಡದಲ್ಲಿ ಅಷ್ಟೇ ಬರೆದರೆ ರಿಜಿಸ್ಟರ್‌ನಲ್ಲಿ ‘ಪರಿಶೀಲಿಸಲಾಗಿದೆ’ ಎಂದು ಬಿದ್ದು ಕೆಲಸ ಮುಗಿಯುತ್ತದೆ. ಬದಲಿಗೆ, ಬಣ್ಣ ಎಲ್ಲಿಂದ ಬದಲಾಗಿದೆ ನೋಡಿ ಎಂದು ಬರೆಯಬೇಕು. ನಮ್ಮ ಸ್ಟೇಷನ್‌ಗಳಲ್ಲಿ ಬಹುಕಾಲದಿಂದ ಕಂಡದ್ದು ಒಣಗಿದ್ದಾಗ ನೀಲಿ, ತೇವ ಹೀರಿದ ಮೇಲೆ ಗುಲಾಬಿಯಾಗುವ ಜೆಲ್. ಗಾಳಿ ಕೆಳಗಿನಿಂದ ಬರುವುದರಿಂದ ಗುಲಾಬಿ ಬಣ್ಣ ಕೆಳಗಿನಿಂದ ಮೇಲಕ್ಕೆ ಏರಬೇಕು. ಹಾಗೆ ಏರಿದ್ದರೆ ಬ್ರೀದರ್ ಕೆಲಸ ಮಾಡುತ್ತಿದೆ, ಜೆಲ್ ಬದಲಿಸಿದರೆ ಸಾಕು. ಕೆಳಗೆ ಇನ್ನೂ ನೀಲಿ ಇದ್ದು ಮೇಲ್ಭಾಗ ಮೊದಲು ಗುಲಾಬಿಯಾಗಿದ್ದರೆ ಮೇಲಿನ ಗ್ಯಾಸ್ಕೆಟ್ಟೋ ಪೈಪಿನ ಜಾಯಿಂಟೋ ಸಡಿಲವಾಗಿದೆ, ಗಾಳಿ ಜೆಲ್‌ಗೆ ತಾಗದೆ ಅಡ್ಡದಾರಿಯಲ್ಲಿ ಒಳಹೋಗುತ್ತಿದೆ. ಅಂಥ ಬ್ರೀದರ್‌ಗೆ ಹೊಸ ಜೆಲ್ ತುಂಬಿ ಪ್ರಯೋಜನವಿಲ್ಲ. ಜೆಲ್ ಎಣ್ಣೆಯಲ್ಲಿ ನೆಂದು ಕಪ್ಪಾಗಿದ್ದರೆ ಕನ್ಸರ್ವೇಟರ್‌ಗೆ ಎಣ್ಣೆ ಜಾಸ್ತಿ ಹಾಕಿರಬಹುದು ಅಥವಾ ತಳದ ಬಟ್ಟಲನ್ನು ಗೆರೆ ಮೀರಿ ತುಂಬಿರಬಹುದು. ಹೊಸ ಬ್ರೀದರ್ ಕೂರಿಸಿ ವಾರಗಳು ಕಳೆದರೂ ಜೆಲ್ ಒಂದಿಷ್ಟೂ ಬದಲಾಗದಿದ್ದರೆ ಖುಷಿಪಡುವ ಮೊದಲು ಪ್ಯಾಕಿಂಗ್‌ನ ಮುಚ್ಚಳ ತೆಗೆದಿದೆಯೇ ಎಂದು ನೋಡಬೇಕು. ಉಸಿರು ಕಟ್ಟಿದ ಟ್ರಾನ್ಸ್‌ಫಾರ್ಮರ್‌ನೊಳಗೆ ಒತ್ತಡ ಏರುಪೇರಾಗುತ್ತದೆ.

ಇಲ್ಲಿ ಅನುವಾದಕ ಜಾಗ್ರತೆ ವಹಿಸಬೇಕಾದ ಒಂದು ವಿಷಯವಿದೆ. ಈಗ ಕಿತ್ತಳೆ ಬಣ್ಣದ ಜೆಲ್ ಕೂಡ ಬರುತ್ತಿದೆ. ಅದು ತೇವ ಹೀರಿದರೆ ಗುಲಾಬಿಯಾಗುವುದಿಲ್ಲ, ಹಸಿರಿಗೆ ತಿರುಗುತ್ತದೆ. ಮೂಲ ಪುಸ್ತಕದಲ್ಲಿರುವ ಬಣ್ಣವನ್ನು ನಿಷ್ಠೆಯಿಂದ ಕನ್ನಡಕ್ಕಿಳಿಸಿದರೆ ಪುಸ್ತಕ ಒಂದು ಹೇಳುತ್ತದೆ, ಸ್ಟೇಷನ್‌ನ ಗಾಜಿನೊಳಗೆ ಇನ್ನೊಂದು ಕಾಣುತ್ತದೆ. ಸ್ಟೋರ್‌ನಲ್ಲಿ ಯಾವ ಜೆಲ್ ಇದೆ ಎಂದು ಕೇಳಿ, ಎರಡೂ ಇದ್ದರೆ ಎರಡನ್ನೂ ಬಣ್ಣದ ಚಿತ್ರದಲ್ಲೇ ತೋರಿಸಬೇಕು.

ಈಗ ಬಾಟಲಿ ತುಂಬುವ ಕೆಲಸ. ಕೈಪಿಡಿಯಲ್ಲಿ ಇದಕ್ಕೆ ಇರುವಷ್ಟು ಮಹತ್ವ ಬೇರೆ ಯಾವುದಕ್ಕೂ ಇಲ್ಲ ಎನ್ನುವವನು ನಾನು. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಕೊಳಕು ಬಾಟಲಿಯ ಎಣ್ಣೆಯನ್ನು ಅಳೆದರೆ ಸಿಗುವುದು ಬಾಟಲಿಯ ಗುಣ. ಇಂಗ್ಲಿಷ್ ವಾಕ್ಯಗಳು ಇಲ್ಲಿ ಕರ್ಮಣಿಯಲ್ಲಿ ಸಾಗುತ್ತವೆ. ಮಾದರಿಯನ್ನು ಸಂಗ್ರಹಿಸತಕ್ಕದ್ದು, ವಾಲ್ವನ್ನು ಶುಚಿಗೊಳಿಸಲಾಗಿರಬೇಕು ಎಂಬ ಸರ್ಕಾರಿ ಕನ್ನಡಕ್ಕೆ ಅವು ಸುಲಭವಾಗಿ ಜಾರುತ್ತವೆ. ಯಾರು, ಯಾವಾಗ, ಯಾವುದರಿಂದ ಎಂಬುದು ಕಳೆದುಹೋಗುತ್ತದೆ. ಕೆಲಸದ ಕನ್ನಡ ಹೀಗಿರಬೇಕು:

ಮಳೆ ಬೀಳುವಾಗ, ಮಂಜಿರುವಾಗ, ಧೂಳು ಹಾರುವಾಗ ಎಣ್ಣೆ ತೆಗೆಯಬೇಡಿ. ಒಣ ದಿನ ನೋಡಿ. ಬ್ರೀದರ್ ಕಟ್ಟಿಕೊಂಡಿಲ್ಲ, ಕನ್ಸರ್ವೇಟರ್‌ನಲ್ಲಿ ಎಣ್ಣೆ ಇದೆ ಎಂದು ಖಾತ್ರಿಯಾದ ಮೇಲೆ ಮಾತ್ರ ತಳದ ವಾಲ್ವ್‌ಗೆ ಕೈ ಹಾಕಿ. ವಾಲ್ವ್‌ನ ಬಾಯನ್ನು ಎಳೆ ಬಿಡದ ಒಣ ಬಟ್ಟೆಯಿಂದ ಒರೆಸಿ. ಮೊದಲ ಒಂದೆರಡು ಲೀಟರ್ ಎಣ್ಣೆಯನ್ನು ಬಕೆಟ್‌ಗೆ ಬಿಡಿ. ಅದು ಪೈಪಿನಲ್ಲಿ ನಿಂತಿದ್ದ ಎಣ್ಣೆ, ಅದನ್ನು ಬಾಟಲಿಗೆ ಹಿಡಿಯಬೇಡಿ. ಹರಿವು ಕಡಿಮೆ ಮಾಡಿ, ಅದೇ ಎಣ್ಣೆಯಿಂದ ಬಾಟಲಿಯನ್ನು ಕುಲುಕಿ ತೊಳೆದು ಚೆಲ್ಲಿ. ಆಮೇಲೆ ಬಾಟಲಿಯ ಒಳಗೋಡೆಗೆ ತಾಗಿ ಇಳಿಯುವಂತೆ, ಗುಳ್ಳೆ ಏಳದಂತೆ ತುಂಬಿ. ಕೂಡಲೇ ಮುಚ್ಚಳ ಬಿಗಿ ಮಾಡಿ.

ಈ ಸಾಲುಗಳಲ್ಲಿ ಎರಡಕ್ಕೆ ಕಾರಣವನ್ನೂ ಬರೆಯಲೇಬೇಕು, ಏಕೆಂದರೆ ಕಾರಣ ಗೊತ್ತಿಲ್ಲದೆ ಅವು ಉಳಿಯುವುದಿಲ್ಲ. ಮೊದಲನೆಯದು ಬ್ರೀದರ್‌ನ ಮಾತು. ಚಾಲನೆಯಲ್ಲಿರುವ ಟ್ರಾನ್ಸ್‌ಫಾರ್ಮರ್‌ನ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿದ್ದರೆ, ವಾಲ್ವ್ ತೆರೆದಾಗ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆ ಗುಳ್ಳೆ ವೈಂಡಿಂಗ್‌ನ ನಡುವೆ ಏರಿದರೆ ಅಲ್ಲೇ ಸಿಡಿಯಬಹುದು. ಇಂಗ್ಲಿಷ್‌ನಲ್ಲಿ ‘ವಾಲ್ವ್ ತೆರೆಯಿರಿ’ ಮೊದಲು ಬಂದು ‘ಇದನ್ನು ಖಾತ್ರಿಪಡಿಸಿಕೊಂಡ ನಂತರವೇ’ ಎಂಬುದು ಕೊನೆಗೆ ಬರುವುದುಂಟು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಷರತ್ತು ಮೊದಲು, ಕೆಲಸ ಆಮೇಲೆ ನಿಲ್ಲುತ್ತದೆ. ಅಂಗಳದಲ್ಲಿ ನಡೆಯಬೇಕಾದ ಕ್ರಮವೂ ಅದೇ. ಆ ಅನುಕೂಲವನ್ನು ಅನುವಾದಕ ಬಿಟ್ಟುಕೊಡಬಾರದು.

ಎರಡನೆಯದು ಬಟ್ಟೆಯ ಮಾತು. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಒರೆಸಲು ಸುಲಭವಾಗಿ ಸಿಗುವುದು ನೂಲಿನ ವೇಸ್ಟ್. ಎಣ್ಣೆ ಪರೀಕ್ಷೆಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹತ್ತಿಯ ಎಳೆ ತೇವ ಹೀರುತ್ತದೆ. ತೇವ ಹೀರಿದ ಎಳೆಗಳು ವೋಲ್ಟೇಜ್ ಏರಿದಾಗ ಎರಡು ಎಲೆಕ್ಟ್ರೋಡ್‌ಗಳ ನಡುವೆ ಸಾಲಾಗಿ ನಿಂತು ಕರೆಂಟ್‌ಗೆ ದಾರಿ ಮಾಡಿಕೊಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಒಳ್ಳೆಯ ಎಣ್ಣೆಯನ್ನೂ ಕೆಟ್ಟದ್ದೆಂದು ತೋರಿಸಬಲ್ಲದು.

ಬಾಟಲಿ ತುಂಬಿದ ಮೇಲೆ ಚೀಟಿ ಅಂಟಿಸಬೇಕು. ಸ್ಟೇಷನ್, ಟ್ರಾನ್ಸ್‌ಫಾರ್ಮರ್ ಸಂಖ್ಯೆ, ದಿನಾಂಕ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಎಣ್ಣೆ ತೆಗೆದಾಗಿನ ಎಣ್ಣೆಯ ತಾಪ. ಅದಿಲ್ಲದೆ ನೀರಿನ ಅಂಕಿಗೆ ಅರ್ಥ ಅರ್ಧವೇ. 20 ಡಿಗ್ರಿಯಲ್ಲಿ ಒಂದು ಕೆ.ಜಿ. ಎಣ್ಣೆ ಹೆಚ್ಚೆಂದರೆ 55 ಮಿಲಿಗ್ರಾಂ ಆಸುಪಾಸು ನೀರನ್ನು ಕರಗಿಸಿಟ್ಟುಕೊಳ್ಳುತ್ತದೆ. 60 ಡಿಗ್ರಿಯಲ್ಲಿ ಅದು ಇನ್ನೂರು ದಾಟುತ್ತದೆ. ಸಂಜೆ ಲೋಡ್‌ನಲ್ಲಿ ಬಿಸಿಯಾಗಿ ಓಡುವ ಟ್ರಾನ್ಸ್‌ಫಾರ್ಮರ್‌ಗೆ 30 ಮಿಲಿಗ್ರಾಂ ನೀರು ದೊಡ್ಡ ತೊಂದರೆ ಕೊಡದಿರಬಹುದು. ಅದೇ ಟ್ರಾನ್ಸ್‌ಫಾರ್ಮರ್‌ ಎಲ್‌ಸಿ ಪಡೆದು ಎರಡು ದಿನ ನಿಂತು, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಚಾರ್ಜ್ ಆಗುವಾಗ ಅದೇ 30 ಮಿಲಿಗ್ರಾಂ ಎಣ್ಣೆಯ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು. ಹೀಗಾಗಿ ತಾಪದ ಕಾಲಂ ಕನ್ನಡ ಚೀಟಿಯಲ್ಲಿ ಮೊದಲ ಸಾಲಿಗೇ ಬರಬೇಕು.

ಪರೀಕ್ಷೆಗೆ ಬರೋಣ. ಎಲ್ಲರೂ ‘ಬಿಡಿವಿ’ ಎನ್ನುತ್ತಾರೆ, ಅದನ್ನು ಹಾಗೆಯೇ ಇಡುವುದು ಲೇಸು. ಲೈನ್‌ಮನ್ ಮಾತಿನಲ್ಲಿ ಬ್ರೇಕ್‌ಡೌನ್ ಎಂದರೆ ಫೀಡರ್ ಬಿದ್ದದ್ದು. ಆದ್ದರಿಂದ ಒಮ್ಮೆ ಮಾತ್ರ, ‘ಎಣ್ಣೆ ಎಷ್ಟು ಕೆ.ವಿ.ವರೆಗೆ ತಡೆಯಿತು’ ಎಂದು ಬಿಡಿಸಿ ಹೇಳಿದರೆ ಸಾಕು. ಪಾತ್ರೆಯನ್ನು ಅದೇ ಎಣ್ಣೆಯಿಂದ ತೊಳೆದು ತುಂಬಬೇಕು. ಎಲೆಕ್ಟ್ರೋಡ್‌ಗಳ ಅಂತರ 2.5 ಮಿ.ಮೀ. ಇರಬೇಕು, ಗೇಜ್ ಹಾಕಿಯೇ ನೋಡಬೇಕು. ಗುಳ್ಳೆ ಹೋಗಲು ಐದು ನಿಮಿಷ ಬಿಟ್ಟು, ಸೆಕೆಂಡಿಗೆ 2 ಕೆ.ವಿ.ಯಂತೆ ಏರಿಸಬೇಕು. ಸಿಡಿದ ಅಂಕಿ ಬರೆದುಕೊಂಡು, ಎರಡು ನಿಮಿಷ ಬಿಟ್ಟು ಮತ್ತೆ. ಹೀಗೆ ಆರು ಸಲ ಮಾಡಿ ಸರಾಸರಿ ತೆಗೆಯಬೇಕು. ಹಳೆಯ ಪುಸ್ತಕಗಳಲ್ಲಿ 4 ಮಿ.ಮೀ. ಅಂತರದ ಪರೀಕ್ಷೆಯೂ ಸಿಗುತ್ತದೆ. ಅಲ್ಲಿನ ಕೆ.ವಿ. ಅಂಕಿಯನ್ನು 2.5 ಮಿ.ಮೀ. ಪರೀಕ್ಷೆಗೆ ಹಚ್ಚಿದರೆ ಪೂರಾ ತಪ್ಪು ತೀರ್ಮಾನ ಬರುತ್ತದೆ. ಕನ್ನಡ ಕೈಪಿಡಿಯಲ್ಲಿ ಕೆ.ವಿ. ಬರೆದ ಕಡೆಯಲ್ಲೆಲ್ಲ ಅಂತರವನ್ನೂ ಜೊತೆಗೇ ಬರೆಯಬೇಕು.

ಒಂದು ಉದಾಹರಣೆ ಬಿಡಿಸಿ ನೋಡೋಣ. 66/11 ಕೆ.ವಿ. ಟ್ರಾನ್ಸ್‌ಫಾರ್ಮರ್‌ನ ಎಣ್ಣೆಗೆ ಆರು ಸಲ ಬಂದ ಅಂಕಿಗಳು 33, 31, 32, 34, 30, 32 ಎಂದಿಟ್ಟುಕೊಳ್ಳಿ. ಒಟ್ಟು 192, ಸರಾಸರಿ 32 ಕೆ.ವಿ. ಇನ್ನೊಂದು ಬಾಟಲಿಯ ಅಂಕಿಗಳು 44, 21, 38, 26, 41, 22. ಇದರ ಒಟ್ಟೂ 192, ಸರಾಸರಿಯೂ 32. ರಿಜಿಸ್ಟರ್‌ನಲ್ಲಿ ಸರಾಸರಿ ಮಾತ್ರ ಬರೆದರೆ ಎರಡೂ ಒಂದೇ. ಆದರೆ ಎರಡರ ಕಥೆ ಬೇರೆ. ಮೊದಲನೆಯದರಲ್ಲಿ ಎಣ್ಣೆ ಇಡಿಯಾಗಿ ಒಂದೇ ಸಮನೆ ಬಲ ಕಳೆದುಕೊಂಡಿದೆ. ಕರಗಿದ ತೇವ ಹೆಚ್ಚಾಗಿದೆ ಎಂಬ ಸಂಶಯಕ್ಕೆ ಆಧಾರವಿದೆ, ಅದರ ನೀರಿನ ಪ್ರಮಾಣ ಅಳೆಸಬೇಕು. ಎರಡನೆಯದರಲ್ಲಿ ಎಣ್ಣೆ ಒಂದು ಸಲ 44 ತಡೆಯುತ್ತದೆ, ಮರುಕ್ಷಣ 21ಕ್ಕೆ ಸಿಡಿಯುತ್ತದೆ. ಎಳೆಯೋ ಕಸವೋ ಎಲೆಕ್ಟ್ರೋಡ್ ನಡುವೆ ಬಂದು ಹೋಗಿ ಮಾಡುತ್ತಿದೆ ಎಂಬುದರ ಗುರುತು ಇದು. ಆ ಕಸ ಟ್ಯಾಂಕಿನದ್ದೋ ಬಾಟಲಿಯದ್ದೋ ತಿಳಿಯಲು ಒಣಗಿದ ಬೇರೆ ಬಾಟಲಿಯಲ್ಲಿ, ಹೆಚ್ಚು ಎಣ್ಣೆ ಬಿಟ್ಟಾದ ಮೇಲೆ ಎರಡನೇ ಸಲ ತೆಗೆದು ಪರೀಕ್ಷಿಸಬೇಕು. ಈ ಹೊಸ ಬಾಟಲಿ 45ರ ಮೇಲೆ ಸಮನಾಗಿ ಬಂದರೆ ತಪ್ಪು ಬಾಟಲಿಯದ್ದು. ಮತ್ತೆ ಅದೇ ಏರಿಳಿತ ಬಂದರೆ ತಪ್ಪು ಟ್ಯಾಂಕಿನದ್ದು, ವಿಷಯ ಎಂಜಿನಿಯರ್ ಮೇಜಿಗೆ ಹೋಗಬೇಕು. ಹೀಗಾಗಿ ನಮೂನೆಯಲ್ಲಿ ಆರು ಅಂಕಿಗೂ ಮನೆಗಳಿರಬೇಕು.

ಇನ್ನು 32 ಎಂದರೆ ಏನು? ಈ ವರ್ಗದ ಟ್ರಾನ್ಸ್‌ಫಾರ್ಮರ್‌ಗೆ ಐಎಸ್ 1866 ಮೂರು ಮಟ್ಟ ಹೇಳುತ್ತದೆ. 40 ಕೆ.ವಿ.ಗಿಂತ ಹೆಚ್ಚಿದ್ದರೆ ಉತ್ತಮ, 30ಕ್ಕಿಂತ ಕಡಿಮೆಯಾದರೆ ಕಳಪೆ, ನಡುವಿನದಕ್ಕೆ ಇಂಗ್ಲಿಷ್‌ನಲ್ಲಿ ‘ಫೇರ್’ ಎಂಬ ಹೆಸರು. ಅದನ್ನು ‘ಸಾಧಾರಣ’ ಎಂದೋ ‘ತೃಪ್ತಿಕರ’ ಎಂದೋ ಕನ್ನಡಿಸಿದರೆ ಓದಿದವರು ಪುಟ ಮಗುಚುತ್ತಾರೆ. ಮೂಲದ ಇಂಗಿತ ಅದಲ್ಲ. ಕೆಡುವುದು ಶುರುವಾಗಿದೆ, ಪರೀಕ್ಷೆಯ ಅವಧಿ ಕಡಿಮೆ ಮಾಡಿ, ಉಳಿದ ಪರೀಕ್ಷೆಗಳ ಜೊತೆ ಹೋಲಿಸಿ ಎಂಬುದು ಅದರ ಸೂಚನೆ. ಆದ್ದರಿಂದ ಆ ಕೋಷ್ಟಕದಲ್ಲಿ ಗುಣವಾಚಕ ಬೇಡವೇ ಬೇಡ, ಮಾಡಬೇಕಾದ ಕೆಲಸ ಬರೆಯಿರಿ ಎನ್ನುತ್ತೇನೆ. 40ರ ಮೇಲೆ: ಮುಂದಿನ ನಿಗದಿತ ದಿನ ಪರೀಕ್ಷಿಸಿ. 30ರಿಂದ 40: ಇಂದೇ ಎಂಜಿನಿಯರ್‌ಗೆ ತಿಳಿಸಿ, ಬೇಗ ಮರುಪರೀಕ್ಷೆ. 30ರ ಕೆಳಗೆ: ಕೂಡಲೇ ಎಂಜಿನಿಯರ್‌ಗೆ ತಿಳಿಸಿ, ಮರುಬಾಟಲಿ ತೆಗೆಯಿರಿ.

ಎಂಜಿನಿಯರ್ ಏನು ಮಾಡುತ್ತಾರೆ ಎಂಬುದನ್ನೂ ಲೈನ್‌ಮನ್ ತಿಳಿದಿರುವುದು ಒಳ್ಳೆಯದು. ಫಿಲ್ಟರ್ ಮಷೀನ್ ತರಿಸಿ ಎಣ್ಣೆಯನ್ನು ಬಿಸಿ ಮಾಡಿ, ನಿರ್ವಾತದಲ್ಲಿ ಹಾಯಿಸಿದರೆ ತೇವವೂ ಕಸವೂ ಹೋಗಿ ಬಿಡಿವಿ ಒಮ್ಮೆಲೆ ಏರುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಇಳಿದರೆ ಫಿಲ್ಟರ್ ಮಾಡಿದವರನ್ನು ದೂರುವ ಹಾಗಿಲ್ಲ. ಟ್ರಾನ್ಸ್‌ಫಾರ್ಮರ್‌ನೊಳಗಿನ ನೀರಿನಲ್ಲಿ ಬಹುಪಾಲು ಇರುವುದು ವೈಂಡಿಂಗ್‌ಗೆ ಸುತ್ತಿದ ಕಾಗದದಲ್ಲಿ. ಎಣ್ಣೆ ಒಣಗಿದಂತೆ ಕಾಗದ ತನ್ನ ನೀರನ್ನು ನಿಧಾನವಾಗಿ ಎಣ್ಣೆಗೆ ಬಿಡುತ್ತದೆ. ಆಮ್ಲದ ಅಂಶ ಹೆಚ್ಚಾಗಿ ಎಣ್ಣೆ ಕಂದು ತಿರುಗಿದ್ದರೆ ಬರೀ ಫಿಲ್ಟರ್‌ನಿಂದ ಅದು ಸರಿಹೋಗುವುದಿಲ್ಲ. ಬಿಡಿವಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಎಣ್ಣೆ ಹಳತಾಗಿಲ್ಲ ಎಂದು ತಿಳಿಯುವಂತಿಲ್ಲ. ಒಳಗೆ ಎಲ್ಲೋ ಕಿಡಿ ಹಾರುತ್ತಿದೆಯೇ ಎಂಬುದನ್ನೂ ಬಿಡಿವಿ ಹೇಳದು. ಅದಕ್ಕೆ ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆ ಬೇರೆಯೇ ಇದೆ, ಅದು ಲ್ಯಾಬ್‌ನಲ್ಲಿ ಆಗಬೇಕು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಅಂಥ ಪರೀಕ್ಷೆಗಳನ್ನು ಮಾಡಿಕೊಡುತ್ತದೆ.

ಸ್ಟೇಷನ್‌ಗೆ ಬರೆದ ಈ ಕೈಪಿಡಿಯನ್ನು ರಸ್ತೆಬದಿಯ ಟಿಸಿಗೆ ಹಾಗೆಯೇ ಹಚ್ಚಬಾರದು. ಅನುವಾದಕ ಇದನ್ನು ದಪ್ಪಕ್ಷರದಲ್ಲಿ ಸೇರಿಸಬೇಕು, ಮೂಲದಲ್ಲಿ ಇಲ್ಲದಿದ್ದರೂ ಸರಿ. ಪವರ್ ಟ್ರಾನ್ಸ್‌ಫಾರ್ಮರ್‌ನ ತಳದ ವಾಲ್ವ್ ನೆಲದ ಮೇಲೆ ನಿಂತು ತಲುಪುವಂತಿರುತ್ತದೆ. ಎರಡು ಕಂಬದ ನಡುವೆ ಕೂತ 63 ಅಥವಾ 100 ಕೆವಿಎ ಟಿಸಿಯಲ್ಲಿ ವಾಲ್ವ್ ತಲುಪಬೇಕಾದರೆ ಮೇಲೆ ಹತ್ತಬೇಕು, ಹತ್ತಿದ ಕೈಗೆ 11 ಕೆ.ವಿ. ಹತ್ತಿರ. ಅಲ್ಲಿ ಎಲ್‌ಸಿ ಪಡೆದು, ಜಿಒಎಸ್ ತೆರೆದು, ಬ್ಲೇಡ್‌ಗಳು ಮೂರೂ ಬಿಟ್ಟಿವೆಯೇ ಎಂದು ಕಣ್ಣಾರೆ ಕಂಡು, ಡಿಸ್ಚಾರ್ಜ್ ರಾಡ್ ಹಾಕಿದ ಮೇಲೆಯೇ ಕೆಲಸ. ಕೆಳಗಿನ ಮನೆಯ ಯುಪಿಎಸ್ ಅಥವಾ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಬರಬಹುದಾದ್ದರಿಂದ ಎಲ್‌ಟಿ ಕಡೆಯನ್ನೂ ಬಿಡಿಸಿರಬೇಕು. ಚಿಕ್ಕ ಟಿಸಿಗಳಲ್ಲಿ ಕನ್ಸರ್ವೇಟರ್ ಇರುವುದಿಲ್ಲ, ಇರುವ ಎಣ್ಣೆಯೇ ಕಡಿಮೆ. ಬಾಟಲಿಗೆ ತೆಗೆದಷ್ಟು ಎಣ್ಣೆಯನ್ನು, ಪರೀಕ್ಷೆಯಾದ ಅದೇ ಬಗೆಯ ಎಣ್ಣೆಯಿಂದ ಮತ್ತೆ ತುಂಬಬೇಕು.

ಟಿಸಿಯ ಎಣ್ಣೆ ಏನು ಮಾಡಬಲ್ಲದು ಎಂಬುದನ್ನು ಬೆಂಗಳೂರು 2022ರ ಮಾರ್ಚ್‌ನಲ್ಲಿ ಕಂಡಿತು. ಉಲ್ಲಾಳ ಬಳಿಯ ಮಂಗನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸಿಡಿದು ಉರಿಯುವ ಎಣ್ಣೆ ಮೈಮೇಲೆ ಬಿದ್ದು, ಸ್ಕೂಟರ್‌ನಲ್ಲಿ ಹೋಗುತ್ತಿದ್ದ ತಂದೆ ಮಗಳು ಇಬ್ಬರೂ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯದಾದ್ಯಂತ ಟ್ರಾನ್ಸ್‌ಫಾರ್ಮರ್ ನಿರ್ವಹಣಾ ಅಭಿಯಾನ ನಡೆಯಿತು. ಎಣ್ಣೆ ಮಟ್ಟ, ಸೋರಿಕೆ, ಅರ್ತಿಂಗ್, ಬಳ್ಳಿ ಹಬ್ಬಿದ ಕಂಬಗಳನ್ನು ಸಾಲುಸಾಲಾಗಿ ನೋಡಿದ್ದು ಇದೇ ಲೈನ್‌ಮನ್‌ಗಳು.

ಕನ್ನಡ ಕೈಪಿಡಿ ಸಿದ್ಧಪಡಿಸುವ ಎಂಜಿನಿಯರ್‌ಗಳಲ್ಲಿ ನನ್ನ ಕೋರಿಕೆ ಒಂದೇ. ಪ್ರೆಸ್‌ಗೆ ಕಳಿಸುವ ಮೊದಲು ಅದರ ಕರಡನ್ನು ಒಬ್ಬ ಪವರ್‌ಮ್ಯಾನ್ ಕೈಗೆ ಕೊಡಿ. ನೀವು ಬಾಯಿ ತೆರೆಯದೆ ಪಕ್ಕದಲ್ಲಿ ನಿಂತುಕೊಳ್ಳಿ, ಅವರು ಅದನ್ನಷ್ಟೇ ಓದಿಕೊಂಡು ಬಾಟಲಿ ತುಂಬಲಿ. ಎಲ್ಲಿ ತಡೆದು ನಿಮ್ಮ ಮುಖ ನೋಡಿದರೋ ಆ ಸಾಲನ್ನು ತಿದ್ದಿ. ಓದುಗರು ಮಾಡಬಹುದಾದದ್ದೂ ಇದೆ. ನಿಮ್ಮ ಬೀದಿಯ ಟಿಸಿಯ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ಕಂಡರೆ, ಟ್ಯಾಂಕಿನ ಬದಿಯಲ್ಲಿ ಧೂಳು ಮೆತ್ತಿದ ಜಿಡ್ಡುಗೆರೆ ಇಳಿದಿದ್ದರೆ ಹತ್ತಿರ ಹೋಗಬೇಡಿ. ಕಂಬದ ಮೇಲೆ ಬರೆದಿರುವ ಟಿಸಿ ಸಂಖ್ಯೆಯನ್ನು ದೂರದಿಂದಲೇ ಗುರುತು ಹಾಕಿಕೊಂಡು ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.